ದೋಸೆ ಕಲ್ಲಿನ ಮುಂದೆ ಆರು ಜನರ ಕೂಗು

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಹೆದ್ದಾರಿ ಪಕ್ಕದ ಸಸ್ಯಾಹಾರಿ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. 16 ಟೇಬಲ್, ಆರು ಜನ ಸಪ್ಲೈಯರ್‌ಗಳು, ಒಂದೇ ದೋಸೆ ಕಲ್ಲು. ಭಾನುವಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಅಡುಗೆಮನೆಯವರಿಗೂ ಸಪ್ಲೈಯರ್‌ಗಳಿಗೂ ಜಗಳ ತಪ್ಪಿದ್ದಲ್ಲ. ಹೋದ ವಾರ ದೋಸೆ ಭಟ್ಟರು ಗಿರಾಕಿಗಳು ತುಂಬಿರುವಾಗಲೇ ಕಲ್ಲು ಬಿಟ್ಟು ಹೊರಗೆ ಹೋದರು. ಸಪ್ಲೈಯರ್‌ಗಳ ಸಂಬಳದಲ್ಲಿ ದಂಡ ಹಿಡಿಯಿರಿ ಎಂದು ಮಾಲೀಕರು ಹೇಳುತ್ತಿದ್ದಾರೆ. ನಾನು ಯಾರ ಪರ ನಿಲ್ಲಬೇಕು?

ಉತ್ತರ: ಯಾರ ಪರವೂ ಬೇಡ. ಇಬ್ಬರ ನಡುವೆ ನಿಲ್ಲಿ. ಇದು ಸಮಾಧಾನದ ಮಾತಲ್ಲ, ಆ ಎರಡು ಗಂಟೆ ನಿಮ್ಮ ಕಾಲು ನಿಜವಾಗಿ ಎಲ್ಲಿರಬೇಕು ಎಂಬುದನ್ನೇ ಹೇಳುತ್ತಿದ್ದೇನೆ. ಬಹುಪಾಲು ಸೂಪರ್‌ವೈಸರ್‌ಗಳು ಭಾನುವಾರ ಬೆಳಿಗ್ಗೆ ಕ್ಯಾಷ್ ಕೌಂಟರ್ ಪಕ್ಕದಲ್ಲೋ ಬಾಗಿಲ ಬಳಿಯೋ ನಿಂತು ಗಿರಾಕಿಗಳಿಗೆ ಟೇಬಲ್ ತೋರಿಸುತ್ತಿರುತ್ತಾರೆ. ಜಗಳ ಹುಟ್ಟುವ ಜಾಗ ಅದಲ್ಲ. ಅದು ಹುಟ್ಟುವುದು ದೋಸೆ ಕಲ್ಲಿನಿಂದ ಪ್ಲೇಟು ಹೊರಬರುವ ಕಟ್ಟೆಯ ಬಳಿ.

ಮೊದಲು ಲೆಕ್ಕ ಹಾಕೋಣ. ಇಂಥ ಜಗಳಗಳಲ್ಲಿ ಸ್ವಭಾವದ ಪಾಲಿಗಿಂತ ಲೆಕ್ಕದ ಪಾಲು ದೊಡ್ಡದು. ನಿಮ್ಮ ಕಲ್ಲಿನಲ್ಲಿ ಒಂದು ಸುತ್ತಿಗೆ ಒಂಬತ್ತು ದೋಸೆ ಹಿಡಿಯುತ್ತದೆ ಎಂದುಕೊಳ್ಳಿ. ನೀರು ಚಿಮುಕಿಸಿ ಪೊರಕೆಯಲ್ಲಿ ಉಜ್ಜಿ, ಹಿಟ್ಟು ಹುಯ್ದು ಹರಡಿ, ಎಣ್ಣೆ ಬಿಟ್ಟು, ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಮಡಚಿ ಎತ್ತುವವರೆಗೆ ಸುಮಾರು ಆರು ನಿಮಿಷ. ಗಂಟೆಗೆ ಹತ್ತು ಸುತ್ತು, 90 ದೋಸೆ. ಹಿಟ್ಟಿನ ಪಾತ್ರೆ ಬದಲಿಸುವುದು, ಪಲ್ಯ ತರಿಸುವುದು, ಕಲ್ಲು ಹೆಚ್ಚು ಕಾದಾಗ ತಣಿಸುವುದು ಎಲ್ಲ ಸೇರಿದರೆ ಕೈಗೆ ಸಿಗುವುದು 80. ಎಷ್ಟೇ ನುರಿತ ಭಟ್ಟರಾದರೂ ಇದನ್ನು ಹೆಚ್ಚು ಮೀರಲಾರರು. ಬೆಂಕಿ ಹೆಚ್ಚಿಸಿದರೆ ದೋಸೆ ಬೇಗ ಕಪ್ಪಾಗುತ್ತದೆ, ಬೇಗ ಬೇಯುವುದಿಲ್ಲ.

ಈಗ ಹೊರಗಿನ ಲೆಕ್ಕ. 16 ಟೇಬಲ್, ತಲಾ ನಾಲ್ಕು ಕುರ್ಚಿ, ಒಟ್ಟು 64 ಜನ. ಅರ್ಧ ಗಂಟೆಗೊಮ್ಮೆ ಟೇಬಲ್ ಖಾಲಿಯಾಗಿ ತುಂಬಿದರೆ ಗಂಟೆಗೆ 128 ಜನ. ಹತ್ತರಲ್ಲಿ ಆರು ಜನ ದೋಸೆ ಕೇಳಿದರೆ 77. ಇದರ ಮೇಲೆ ಪಾರ್ಸೆಲ್ ಮತ್ತು ಮೊಬೈಲ್ ಆ್ಯಪ್ ಆರ್ಡರ್ 25 ಇಟ್ಟುಕೊಳ್ಳಿ. ಒಟ್ಟು 102. ಕಲ್ಲಿನಿಂದ ಬರುವುದು 80, ಬೇಕಾಗಿರುವುದು 102. ಎಂಟೂವರೆಗೆ ಶುರುವಾದರೆ ಒಂಬತ್ತೂವರೆಗೆ 22 ದೋಸೆ ಬಾಕಿ ಬಿದ್ದಿರುತ್ತದೆ. ಆಗ ಹೊಸದಾಗಿ ಬಂದ ಆರ್ಡರ್‌ ಮುಂದೆ ಹದಿನಾರು ನಿಮಿಷದ ಸರದಿ ಇದೆ ಎಂದರ್ಥ. ಹತ್ತೂವರೆಗೆ ಬಾಕಿ 44, ಸರದಿ ಅರ್ಧ ಗಂಟೆ. ಅಷ್ಟು ಹೊತ್ತಿಗೂ ನಿಮ್ಮ ಸಪ್ಲೈಯರ್ ಟೇಬಲ್ ಮುಂದೆ ನಿಂತು ಹೇಳುತ್ತಿರುವುದು ಒಂದೇ ಮಾತು: "ಐದು ನಿಮಿಷ ಸಾರ್." ಆ ಸುಳ್ಳನ್ನು ಅವನಿಂದ ಹೇಳಿಸುತ್ತಿರುವುದು ಹೋಟೆಲು. ಆರನೆಯ ನಿಮಿಷಕ್ಕೆ ಗಿರಾಕಿ ಅವನ ಮೇಲೆ ರೇಗುತ್ತಾನೆ, ಅವನು ಓಡಿಬಂದು ಭಟ್ಟರ ಮೇಲೆ ರೇಗುತ್ತಾನೆ. ಇಬ್ಬರಲ್ಲಿ ಯಾರೂ ಸೋಮಾರಿಗಳಲ್ಲ.

ಇಷ್ಟಕ್ಕೇ ಜಗಳ ಕೈಮೀರುವುದಿಲ್ಲ. ಕೈಮೀರುವುದು ಆರು ಜನ ಒಟ್ಟಿಗೆ ಕೂಗಿದಾಗ. ಒಬ್ಬ "ಏಳಕ್ಕೆ ಎರಡು ಮಸಾಲೆ" ಎನ್ನುತ್ತಾನೆ, ಇನ್ನೊಬ್ಬ "ಮೂರರದ್ದು ಏನಾಯಿತು?" ಎನ್ನುತ್ತಾನೆ, ಪಾರ್ಸೆಲ್ ಹುಡುಗ ಪಕ್ಕದಿಂದ ಕೈಹಾಕಿ ಸಿದ್ಧವಾದ ದೋಸೆಯನ್ನು ಎತ್ತಿಕೊಂಡು ಹೋಗುತ್ತಾನೆ. ದೊಡ್ಡ ದನಿಯವನಿಗೆ ಮೊದಲು ದೋಸೆ ಸಿಗುತ್ತದೆ. ಇದನ್ನು ಉಳಿದ ಐವರು ಒಂದೇ ಭಾನುವಾರದಲ್ಲಿ ಕಲಿತುಬಿಡುತ್ತಾರೆ. ಮುಂದಿನ ವಾರದಿಂದ ಎಲ್ಲರೂ ಕೂಗುತ್ತಾರೆ.

ಇದರ ಒಳಗೆ ಇನ್ನೊಂದು ಪದರವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ 1940ರ ದಶಕದಲ್ಲಿ ಷಿಕಾಗೊ ನಗರದ ರೆಸ್ಟೋರೆಂಟ್‌ಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಕೆಲಸದಲ್ಲಿ ಕೆಳಗಿನ ಸ್ಥಾನದಲ್ಲಿರುವ ಪರಿಚಾರಿಕೆ ಮೇಲಿನ ಸ್ಥಾನದಲ್ಲಿರುವ ಅಡುಗೆಯವನಿಗೆ ಬಾಯಿಮಾತಿನಲ್ಲಿ ಆದೇಶ ಕೊಡಬೇಕಾಗಿ ಬಂದಾಗ ಘರ್ಷಣೆ ಹೆಚ್ಚುತ್ತದೆ ಎಂದು ಅವರು ಗಮನಿಸಿದರು. ಆರ್ಡರನ್ನು ಚೀಟಿಯಲ್ಲಿ ಬರೆದು ಒಂದು ಮೊಳೆಗೆ ಚುಚ್ಚಿಟ್ಟರೆ ಅಡುಗೆಯವನು ಮನುಷ್ಯರ ಮಾತಿಗಲ್ಲ, ಚೀಟಿಯ ಸರದಿಗೆ ಉತ್ತರ ಕೊಡುತ್ತಾನೆ. ಮುಖಾಮುಖಿ ತಪ್ಪಿದಷ್ಟೂ ಉರಿ ಇಳಿಯುತ್ತದೆ. ನಮ್ಮ ಕಡೆ ಇದು ಇನ್ನೂ ತೀಕ್ಷ್ಣ. ಬೆಳಗಿನ ಜಾವ ಎದ್ದು ಒಲೆ ಮುಂದೆ ನಿಂತ, ಐವತ್ತು ದಾಟಿದ ಭಟ್ಟರಿಗೆ ಇಪ್ಪತ್ತು ವರ್ಷದ ಹುಡುಗ ಎಲ್ಲರೆದುರು "ಬೇಗ ಹಾಕಿ, ಎಷ್ಟು ಹೊತ್ತು?" ಎನ್ನುತ್ತಾನೆ. ನಿಮ್ಮ ಭಟ್ಟರು ಹೋದ ವಾರ ಹೊರಗೆ ಹೋಗಿದ್ದು ಕೆಲಸ ಹೆಚ್ಚಾಯಿತೆಂದು ಇರಲಾರದು. ಆ ಕೆಲಸ ಅವರಿಗೆ ಹೊಸದಲ್ಲ. ಅವರು ತಡೆಯಲಾರದ್ದು ಆ ಮಾತಿನ ದನಿ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ: ಸಪ್ಲೈಯರ್ ಮತ್ತು ದೋಸೆ ಭಟ್ಟರ ನಡುವಿನ ನೇರ ಮಾತನ್ನು ಆ ಎರಡು ಗಂಟೆ ಪೂರ್ತಿ ನಿಲ್ಲಿಸಿ. ನಡುವೆ ಒಬ್ಬನೇ ಇರಲಿ. ಕನಿಷ್ಠ ಮೊದಲ ತಿಂಗಳು ಅದು ನೀವೇ ಆಗಿರಬೇಕು. ಹಿರಿಯ ಸಪ್ಲೈಯರ್‌ಗೆ ಒಪ್ಪಿಸಿದರೆ ಅವನು ತನ್ನ ಟೇಬಲ್‌ಗಳಿಗೆ ಮೊದಲು ದೋಸೆ ಕಳಿಸುತ್ತಾನೆಂಬ ಅನುಮಾನ ಉಳಿದವರಿಗೆ ಬಂದೇ ಬರುತ್ತದೆ, ಅವನು ಪ್ರಾಮಾಣಿಕನಾಗಿದ್ದರೂ. ಟೇಬಲ್ ತೋರಿಸುವ ಕೆಲಸವನ್ನು ಅವನಿಗೆ ಕೊಡಿ.

ಕಟ್ಟೆಯ ಮೇಲೆ ಭಟ್ಟರ ಕಣ್ಣಿಗೆ ಬೀಳುವ ಎತ್ತರದಲ್ಲಿ ಒಂದು ತಂತಿ ಬಿಗಿಸಿ, ಬಟ್ಟೆ ಕ್ಲಿಪ್‌ಗಳನ್ನು ಹಾಕಿಸಿ. ಸಪ್ಲೈಯರ್ ಟೇಬಲ್‌ನಿಂದ ನೇರ ಬಂದು ಚೀಟಿಯನ್ನು ನಿಮ್ಮ ಕೈಗೆ ಕೊಡಬೇಕು. ಚೀಟಿಯಲ್ಲಿ ಟೇಬಲ್ ನಂಬರು, ಯಾವ ದೋಸೆ ಎಷ್ಟು, ಆರ್ಡರ್ ತೆಗೆದುಕೊಂಡ ಸಮಯ, ಈ ಮೂರು ಇರಲೇಬೇಕು. "3 ದೋಸೆ" ಎಂದು ಬರೆದ ಚೀಟಿಯನ್ನು ವಾಪಸ್ ಕೊಡಿ. ಮಸಾಲೆಯೋ ಖಾಲಿಯೋ ಸೆಟ್ಟೋ ಎಂದು ಅವನು ಮರಳಿ ಹೋಗಿ ಕೇಳಿಕೊಂಡು ಬರಲಿ, ಎರಡು ಸಲ ಹೋದರೆ ಮೂರನೆಯ ಸಲ ಬರೆಯುತ್ತಾನೆ. ಮೂರು ಟೇಬಲ್‌ಗಳ ಆರ್ಡರನ್ನು ಜೇಬಿನಲ್ಲಿ ಇಟ್ಟುಕೊಂಡು ಒಟ್ಟಿಗೆ ತಂದು ಸುರಿಯುವ ಅಭ್ಯಾಸವನ್ನೂ ಆಗಲೇ ಬಿಡಿಸಬೇಕು, ಚೀಟಿಯ ಮೇಲಿನ ಸಮಯ ಅದನ್ನು ತೋರಿಸಿಕೊಡುತ್ತದೆ. ಬಿಲ್ಲಿಂಗ್ ಯಂತ್ರದಿಂದ ಕೆಒಟಿ, ಅಂದರೆ ಅಡುಗೆಮನೆಗೆ ಹೋಗುವ ಮುದ್ರಿತ ಆರ್ಡರ್ ಚೀಟಿ, ಬರುತ್ತಿದ್ದರೆ ಇನ್ನೂ ಒಳ್ಳೆಯದು, ಸಮಯ ತಾನಾಗಿ ಬಿದ್ದಿರುತ್ತದೆ.

ನೀವು ಭಟ್ಟರಿಗೆ ಚೀಟಿಗಳನ್ನು ಒಂದೊಂದಾಗಿ ಓದಬೇಡಿ, ಕಲ್ಲಿನ ಸುತ್ತಿನ ಲೆಕ್ಕದಲ್ಲಿ ಓದಿ. ಹಿಂದಿನ ಸುತ್ತಿನ ದೋಸೆ ಮಡಚುತ್ತಿರುವಾಗ ಒಂದೇ ಸಲ, ಸಮಾಧಾನದ ದನಿಯಲ್ಲಿ ಹೇಳಿ: "ಈ ಸುತ್ತು ಆರು ಮಸಾಲೆ, ಎರಡು ಖಾಲಿ, ಒಂದು ಬೆಣ್ಣೆ." ಅವರು ಅದನ್ನೇ ತಿರುಗಿ ಹೇಳಬೇಕು. ಈ ಮರುನುಡಿಯನ್ನು ಬಿಟ್ಟುಬಿಡಬೇಡಿ. ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ "ಎರಡು" ಎಂಬುದು "ಏಳು" ಎಂದು ಕೇಳಿಸಿದ್ದು ಗೊತ್ತಾಗುವುದು ಅಲ್ಲಿ ಮಾತ್ರ. ಮುಂದಿನ ಆರು ನಿಮಿಷ ಅವರನ್ನು ಯಾರೂ ಮಾತನಾಡಿಸುವಂತಿಲ್ಲ, ನೀವೂ ಕೂಡ. ದೋಸೆ ಕಟ್ಟೆಗೆ ಬಂದಾಗ ಚೀಟಿ ನೋಡಿ ಟೇಬಲ್ ನಂಬರು ಕರೆದು, ಪ್ಲೇಟು ಕೊಟ್ಟು, ಚೀಟಿ ಹರಿದು ಡಬ್ಬಿಗೆ ಹಾಕದೆ ಕೊಟ್ಟ ಸಮಯ ಬರೆದು ಮೊಳೆಗೆ ಚುಚ್ಚಿ. ಆ ಚೀಟಿಗಳು ಮುಂದೆ ಬೇಕಾಗುತ್ತವೆ.

ತಂತಿಯ ಮೇಲೆ ಚೀಟಿಗಳಿದ್ದರೆ ನಿಮಗೆ ಇನ್ನೊಂದು ಶಕ್ತಿ ಬರುತ್ತದೆ: ಕಾಯುವ ಸಮಯವನ್ನು ನಿಜವಾಗಿ ಹೇಳಬಹುದು. ಬಾಕಿ ಇರುವ ದೋಸೆಗಳನ್ನು ಎಣಿಸಿ, ನಡುವಿನ ತಡವೂ ಸೇರಿ ಪ್ರತಿ ಒಂಬತ್ತಕ್ಕೆ ಏಳು ನಿಮಿಷ ಹಿಡಿಯಿರಿ. 27 ಬಾಕಿ ಇದ್ದರೆ ಅವು ಮುಗಿಯಲು 21 ನಿಮಿಷ, ಹೊಸ ಆರ್ಡರಿನ ಸುತ್ತಿಗೆ ಇನ್ನೊಂದು ಏಳು. ಕಾಲು ಗಂಟೆಗೊಮ್ಮೆ ಸಪ್ಲೈಯರ್‌ಗಳಿಗೆ ಸಂಖ್ಯೆ ಹೇಳಿ: "ಈಗ ದೋಸೆಗೆ ಅರ್ಧ ಗಂಟೆ." ಅವರು ಆರ್ಡರ್ ತೆಗೆದುಕೊಳ್ಳುವ ಮೊದಲೇ ಗಿರಾಕಿಗೆ ಅದನ್ನು ತಿಳಿಸಲಿ, ಜೊತೆಗೆ ಈಗಲೇ ಸಿಗುವುದು ಏನೆಂದೂ ಹೇಳಲಿ. ಇಲ್ಲಿ ತುಮಕೂರಿನವರಿಗೆ ಬೇರೆ ಊರಿಗಿಲ್ಲದ ಅನುಕೂಲವಿದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೆಸರು ಕೇಳಿಯೇ ಹೆದ್ದಾರಿಯಲ್ಲಿ ಕಾರು ನಿಲ್ಲಿಸುವವರು ಎಷ್ಟೋ ಜನ. ತಟ್ಟೆ ಇಡ್ಲಿ ಬೇಯಲು ಕಾಲು ಗಂಟೆ ಬೇಕಾದರೂ ಅದು ಹಬೆಯಲ್ಲಿ ರಾಶಿಯಾಗಿ ಮುಂಚಿತವಾಗಿಯೇ ಸಿದ್ಧವಾಗುತ್ತದೆ, ಕೇಳಿದ ತಕ್ಷಣ ಬೆಣ್ಣೆ ಇಟ್ಟು ಕೊಡಬಹುದು. "ದೋಸೆಗೆ ಅರ್ಧ ಗಂಟೆ ಆಗುತ್ತದೆ, ತಟ್ಟೆ ಇಡ್ಲಿ ಬಿಸಿ ಇದೆ ಸಾರ್" ಎಂದರೆ ಐದರಲ್ಲಿ ಒಬ್ಬರು ಮನಸ್ಸು ಬದಲಾಯಿಸಿದರೂ ಗಂಟೆಗೆ 15 ದೋಸೆ ಕಲ್ಲಿನಿಂದ ಇಳಿಯಿತು. ಆಗಲೇ ಹೇಳಿದ 22ರ ಕೊರತೆಯಲ್ಲಿ ಮೂರನೇ ಎರಡು ಭಾಗ ಅಲ್ಲಿಗೇ ಹೋಯಿತು.

ಉಳಿದ ಕೊರತೆಗೆ ಪಾರ್ಸೆಲ್ ಕಡೆ ನೋಡಿ. ಎಲ್ಲ ಜಗಳದ ಕಣ್ಣಿಗೆ ಕಾಣದ ಮೂಲ ಅದೇ ಎಂದು ನನ್ನ ಅನಿಸಿಕೆ. ಒಳಗೆ ಕುಳಿತವರ ಸರದಿ ಸಪ್ಲೈಯರ್‌ಗೆ ಕಾಣುತ್ತದೆ. ಪಾರ್ಸೆಲ್ ಸರದಿ ಕ್ಯಾಷಿಯರ್ ಬಾಯಲ್ಲಿ ಮಾತ್ರ ಇರುತ್ತದೆ, ಅವನು ಅಲ್ಲಿಂದಲೇ ಕೂಗುತ್ತಾನೆ. ಪಾರ್ಸೆಲ್ ಚೀಟಿಗೂ ಅದೇ ತಂತಿಯಲ್ಲಿ ಜಾಗ ಕೊಡಿ, ಪ್ರತಿ ಸುತ್ತಿನ ಒಂಬತ್ತರಲ್ಲಿ ಎರಡು ಪಾರ್ಸೆಲ್‌ಗೆ ಎಂದು ಗೆರೆ ಎಳೆಯಿರಿ. ಆ್ಯಪ್ ಆರ್ಡರುಗಳ ತಯಾರಿ ಸಮಯವನ್ನು ಎಂಟೂವರೆಗೆ ಮೊದಲೇ ಹೆಚ್ಚಿಸಿಡಿ. ಒಂಬತ್ತೂವರೆಗೆ ಬಾಕಿ ಮಿತಿಮೀರಿದರೆ ಸ್ವಲ್ಪ ಹೊತ್ತು ಆ್ಯಪ್ ಮುಚ್ಚಿ. ಹಾಗೆಯೇ ರವೆ ದೋಸೆ, ಈರುಳ್ಳಿ ಊತಪ್ಪ ಇವೆರಡನ್ನು ಭಾನುವಾರ ಈ ಎರಡು ಗಂಟೆ ಕೊಡುವುದಿಲ್ಲ ಎಂದು ಬೋರ್ಡು ಹಾಕಿ. ಅವು ಕಲ್ಲಿನ ಮೇಲೆ ಹೆಚ್ಚು ಹೊತ್ತು ಕೂರುತ್ತವೆ, ಒಂದು ರವೆ ದೋಸೆಗಾಗಿ ಇಡೀ ಸುತ್ತು ತಡವಾಗುತ್ತದೆ.

ಇನ್ನು ಸಪ್ಲೈಯರ್‌ಗಳ ಕಡೆಯ ತಪ್ಪು. ಅದೂ ಇರುತ್ತದೆ, ಅದನ್ನು ಕಂಡುಹಿಡಿಯುವುದು ಸುಲಭ. ಒಂಬತ್ತೂಕಾಲಿಗೆ ಕಟ್ಟೆಯ ಬಳಿ ನಿಂತು ಏನು ಕಾಯುತ್ತಿದೆ ಎಂದು ನೋಡಿ. ತಂತಿಯ ಮೇಲೆ ಚೀಟಿಗಳು ಕಾಯುತ್ತಿದ್ದರೆ ತೊಂದರೆ ಕಲ್ಲಿನಲ್ಲಿದೆ. ಕಟ್ಟೆಯ ಮೇಲೆ ಸಿದ್ಧ ಪ್ಲೇಟುಗಳು ಕಾಯುತ್ತಿದ್ದರೆ ತೊಂದರೆ ಹೊರಗಿದೆ. ಎರಡನೆಯದರ ನೋವು ಭಟ್ಟರಿಗೆ ಎಷ್ಟು ತಟ್ಟುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಮಸಾಲೆ ದೋಸೆ ಎತ್ತಿದಾಗ ಅಂಚು ಗರಿಗರಿಯಾಗಿ ನಿಂತಿರುತ್ತದೆ. ಒಳಗಿನ ಪಲ್ಯದ ಹಬೆಗೆ ಮೂರು ನಿಮಿಷದಲ್ಲಿ ಹೊಟ್ಟೆ ಭಾಗ ಮೆತ್ತಗಾಗಿ, ಅಡಿಯಲ್ಲಿ ಬೆವರಿ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಸಪ್ಲೈಯರ್ ಐದು ನಿಮಿಷ ಬಿಟ್ಟು ಬಂದು ಅದನ್ನು ಒಯ್ಯುತ್ತಾನೆ, ಗಿರಾಕಿ "ದೋಸೆ ಗರಿಯಿಲ್ಲ" ಎಂದು ವಾಪಸ್ ಕಳಿಸುತ್ತಾನೆ, ಹುಡುಗ ಬಂದು ಅದೇ ಮಾತನ್ನು ಭಟ್ಟರ ಮುಖಕ್ಕೆ ಹೇಳುತ್ತಾನೆ. ಅವರು ಸರಿಯಾಗಿ ಮಾಡಿದ ಕೆಲಸಕ್ಕೆ ಬೈಗುಳ. ಇದನ್ನು ತಪ್ಪಿಸಲು ಒಂದು ನಿಯಮ ಸಾಕು: ಕಟ್ಟೆಗೆ ಬಂದ ದೋಸೆಯನ್ನು ಕೈ ಖಾಲಿ ಇರುವ ಯಾವ ಸಪ್ಲೈಯರ್ ಆದರೂ ಒಯ್ಯಬೇಕು, ಅದು ಅವನ ಟೇಬಲ್ ಆಗಿರದಿದ್ದರೂ. "ಅದು ನನ್ನ ಟೇಬಲ್ ಅಲ್ಲ" ಎಂಬ ಮಾತು ಆ ಎರಡು ಗಂಟೆ ನಡೆಯುವುದಿಲ್ಲ ಎಂದು ಮೊದಲೇ ಹೇಳಿ. ಟಿಪ್ಸ್ ಆಸೆಗೆ ಹುಡುಗರು ಇದನ್ನು ವಿರೋಧಿಸುತ್ತಾರೆ. ಹಾಗಾಗಿ ಭಾನುವಾರದ ಬೆಳಗಿನ ಟಿಪ್ಸ್ ಒಂದೇ ಡಬ್ಬಿಗೆ ಬೀಳಲಿ, ಹನ್ನೊಂದೂವರೆಗೆ ಎಲ್ಲರೆದುರು ಹಂಚಿ, ಕಲ್ಲಿನ ಮುಂದೆ ನಿಂತವರಿಗೂ ಕ್ಲೀನರ್‌ಗಳಿಗೂ ಪಾಲು ಕೊಡಿ. ಹೊರಗಿನವರಿಗೆ ಟಿಪ್ಸ್, ನಮಗೆ ಬರೀ ಕಾವು ಎಂಬ ಕೊರಗು ಅಡುಗೆಮನೆಯಲ್ಲಿ ಹಳೆಯದು. ಪಾಲು ಸಣ್ಣದಾದರೂ ಆ ಕೊರಗು ತಗ್ಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಈ ವ್ಯವಸ್ಥೆಯನ್ನು ಮೊದಲು ಮುರಿಯುವವರು ಯಾರು ಗೊತ್ತೇ? ಮಾಲೀಕರು. "ನಮ್ಮವರು ಬಂದಿದ್ದಾರೆ, ಎರಡು ಮಸಾಲೆ ಬೇಗ ಕೊಡಿ" ಎಂದು ಅವರು ನೇರ ಕಲ್ಲಿನ ಬಳಿ ಬರುತ್ತಾರೆ. ಅವರ ಹೋಟೆಲು, ಅವರ ನೆಂಟರು, ಬೇಡ ಎನ್ನಲಾಗದು. ಆದರೆ ಆ ಮಾತೂ ಚೀಟಿಯಾಗಿ ನಿಮ್ಮ ಕೈಗೇ ಬರಬೇಕು, ಮೂಲೆಯಲ್ಲಿ ಒಂದು ಗುರುತು ಇರಲಿ, ಒಂದು ಸುತ್ತಿಗೆ ಅಂಥದ್ದು ಎರಡು ದೋಸೆ ಮೀರಬಾರದು. ಇದನ್ನು ಶನಿವಾರವೇ ಅವರ ಬಳಿ ಕುಳಿತು ಗೌರವದಿಂದ ಒಪ್ಪಿಸಿಕೊಳ್ಳಿ. ಭಾನುವಾರ ಒಂಬತ್ತು ಗಂಟೆಗೆ ಹೇಳಹೊರಟರೆ ಅದು ಎದುರುತ್ತರವಾಗುತ್ತದೆ.

ದಂಡದ ಮಾತನ್ನೂ ಆಗಲೇ ಎತ್ತಿ. ವೇತನ ಕಾನೂನಿನ ಪ್ರಕಾರ ಮನಸ್ಸಿಗೆ ಬಂದಂತೆ ಸಂಬಳ ಹಿಡಿಯುವಂತಿಲ್ಲ. ನೌಕರನಿಗೆ ವಿವರಣೆ ಕೊಡಲು ಅವಕಾಶ ಕೊಡದೆ ದಂಡ ಹಾಕಬಾರದು, ಒಟ್ಟು ದಂಡ ಆ ಅವಧಿಯ ವೇತನದ ಶೇ 3 ದಾಟಬಾರದು. ಕಾನೂನು ಬದಿಗಿಟ್ಟು ನೋಡಿದರೂ ದಂಡದಿಂದ ಆಗುವುದು ಒಂದೇ: ತಪ್ಪು ದೋಸೆ ಬಂದಾಗ ಅದು ಯಾರದೆಂದು ವಾದಿಸಲು ಇಬ್ಬರಿಗೂ ಹೊಸ ಕಾರಣ ಸಿಗುತ್ತದೆ. ತಪ್ಪು ದೋಸೆಗಳಿಗೆ ಬೇರೆ ಪುಸ್ತಕ ಇಡಿ. ಚೀಟಿ ತಪ್ಪೋ, ಕೇಳಿಸಿದ್ದು ತಪ್ಪೋ, ತಡವಾಗಿ ಒಯ್ದದ್ದೋ ಎಂದಷ್ಟೇ ಬರೆಯಿರಿ, ಹೆಸರು ಬೇಡ. ನಾಲ್ಕು ವಾರಕ್ಕೆ ಯಾವ ಸಾಲು ಉದ್ದವಾಗಿದೆಯೋ ಅದನ್ನು ಸರಿಪಡಿಸಿ.

ಆದರೂ ಒಮ್ಮೆ ದನಿ ಏರುತ್ತದೆ. ಆಗ ಯಾರದು ಸರಿ ಎಂದು ಅಲ್ಲಿಯೇ ತೀರ್ಪು ಕೊಡಬೇಡಿ. ಪ್ಲೇಟನ್ನು ನಿಮ್ಮ ಕೈಗೆ ತೆಗೆದುಕೊಂಡು "ಈಗ ಇದನ್ನು ನಾನು ನೋಡುತ್ತೇನೆ, ಮಾತು ಹನ್ನೊಂದೂವರೆಗೆ" ಎನ್ನಿ, ಹುಡುಗನನ್ನು ಟೇಬಲ್ ಕಡೆ ಕಳಿಸಿ. ಭಟ್ಟರನ್ನು ಹುಡುಗರ ಎದುರು ತಿದ್ದಬೇಡಿ, ಹುಡುಗರನ್ನು ಗಿರಾಕಿಗಳ ಎದುರು ಬೈಯಬೇಡಿ. ಹನ್ನೊಂದೂವರೆಗೆ ಕಾಫಿ ಹಿಡಿದು ನಿಜವಾಗಿಯೂ ಕುಳಿತುಕೊಳ್ಳಿ. ಒಂದು ವಾರ ಈ ಮಾತು ತಪ್ಪಿದರೆ ಮುಂದಿನ ವಾರ ಯಾರೂ ಹನ್ನೊಂದೂವರೆಯವರೆಗೆ ಕಾಯುವುದಿಲ್ಲ. ಜಾತಿ, ಊರು, ಭಾಷೆ ಹಿಡಿದು ಬೈದದ್ದಾದರೆ ಮಾತ್ರ ಬೇರೆ ಲೆಕ್ಕ. ಅದು ಯಾರ ಬಾಯಿಂದ ಬಂದರೂ ಅಲ್ಲಿಯೇ, ಆಗಲೇ ನಿಲ್ಲಿಸಿ.

ಈ ವಾರದ ಕೆಲಸ ಹೀಗಿರಲಿ. ಭಟ್ಟರ ಬಳಿ ಒಬ್ಬರೇ ಹೋಗಿ, "ಹೋದ ವಾರ ಏನು ನಡೆಯಿತು?" ಎಂದು ಕೇಳಿ, ಅವರು ಮುಗಿಸುವವರೆಗೆ ಸುಮ್ಮನಿರಿ. ಆಮೇಲೆ ಮೇಲಿನ ಲೆಕ್ಕವನ್ನು ಅವರ ಮುಂದಿಡಿ. ಸುತ್ತಿಗೆ ಒಂಬತ್ತೇ, ಆರು ನಿಮಿಷವೇ ಎಂಬುದನ್ನು ಅವರೇ ತಿದ್ದಲಿ. ಅವರು ಒಪ್ಪಿದ ಸಂಖ್ಯೆಯೇ ನಿಮ್ಮ ಸಂಖ್ಯೆ. ಒಂಬತ್ತೂವರೆಗೆ ಹತ್ತು ನಿಮಿಷ ಕಲ್ಲು ನೋಡಿಕೊಳ್ಳಲು ಎರಡನೆಯ ಕೈ ಒಂದನ್ನು ತಯಾರು ಮಾಡಿ, ಅವರು ಹೊರಗೆ ಹೋಗಿ ನೀರು ಕುಡಿದು ಬರಲಿ. ಸಿಟ್ಟಿನಿಂದ ಹೋಗುವುದನ್ನು ತಡೆಯಲು ಹೇಳಿ ಹೋಗುವ ದಾರಿ ಇರಬೇಕು.

ನಾಲ್ಕು ಭಾನುವಾರ ಮೊಳೆಗೆ ಚುಚ್ಚಿದ ಚೀಟಿಗಳನ್ನು ಕೂಡಿಸಿ, ಒಂಬತ್ತರಿಂದ ಹತ್ತರ ನಡುವಿನವುಗಳಲ್ಲಿ ಆರ್ಡರಿನಿಂದ ಪ್ಲೇಟಿಗೆ ಎಷ್ಟು ನಿಮಿಷ ಆಗಿದೆ ನೋಡಿ. ಇಪ್ಪತ್ತರ ಒಳಗೆ ಬಂದಿದ್ದರೆ ನಿಮ್ಮ ಕಲ್ಲು ಸಾಕು. ತಟ್ಟೆ ಇಡ್ಲಿ, ಪಾರ್ಸೆಲ್ ಮಿತಿ, ಮೆನು ಕಡಿತ ಎಲ್ಲ ಮಾಡಿದ ಮೇಲೂ ಇಪ್ಪತ್ತೈದು ದಾಟುತ್ತಿದ್ದರೆ ಇನ್ನು ಜನರನ್ನು ತಿದ್ದುವುದರಲ್ಲಿ ಅರ್ಥವಿಲ್ಲ, ಎರಡನೆಯ ಕಲ್ಲು ಬೇಕು. ಆ ಚೀಟಿಗಳ ಕಟ್ಟನ್ನೇ ಮಾಲೀಕರ ಮುಂದಿಡಿ. ಕಲ್ಲಿನ ಬೆಲೆಯ ಜೊತೆಗೆ ಗ್ಯಾಸ್ ಲೈನ್ ಅದನ್ನು ತಾಳುತ್ತದೆಯೇ, ಎಕ್ಸಾಸ್ಟ್ ಸಾಕೇ, ಅದರ ಮುಂದೆ ನಿಲ್ಲಲು ಇನ್ನೊಬ್ಬ ಭಟ್ಟರು ಸಿಗುತ್ತಾರೆಯೇ ಎಂಬ ಮೂರನ್ನೂ ವಿಚಾರಿಸಿಕೊಂಡೇ ಹೋಗಿ. ಅವರು ಕೇಳುವುದೂ ಅದನ್ನೇ.